ನಾಲ್ಕು ನಲವತ್ತರ ಟಪಾಲು

ಬುಧವಾರ, ಮಾರ್ಚ್ 6

ಇಂದು ಹೊರಗೆ ಹೋದ ಪತ್ರಗಳು ಇಪ್ಪತ್ತೊಂದು. ಕೊನೆಯ ಸಂಖ್ಯೆ 412. ನಾಲ್ಕೂವರೆಗೆ ಸರಿಯಾಗಿ ರವಾನೆ ವಹಿಯಲ್ಲಿ ಎರಡು ಕೆಂಪು ಗೆರೆ ಎಳೆದು, ಕೆಳಗೆ ಚಿಕ್ಕ ಸಹಿ ಹಾಕಿ ದಿನ ಮುಗಿಸಿದೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಇದು ತಪ್ಪಿಲ್ಲ. ಪುರಸಭೆಯಲ್ಲಿ ನನ್ನನ್ನು ಬೆನ್ನ ಹಿಂದೆ ‘ಕೆಂಪುಗೆರೆ’ ಎನ್ನುತ್ತಾರೆ. ಅನ್ನಲಿ. ನನಗಿಂತ ಮುಂಚೆ ಈ ಮೇಜಿನಲ್ಲಿದ್ದ ಪುಣ್ಯಾತ್ಮ ಪ್ರತಿದಿನ ಎರಡು ಸಂಖ್ಯೆ ಖಾಲಿ ಬಿಡುತ್ತಿದ್ದನಂತೆ. ಮರೆತುಹೋದ ಕಾಗದವನ್ನು ಹಳೆಯ ತಾರೀಖಿಗೆ ತುರುಕಲು ಅದೊಂದು ಹಿತ್ತಲ ಬಾಗಿಲು. ನನ್ನ ವಹಿಗೆ ಹಿತ್ತಲ ಬಾಗಿಲಿಲ್ಲ.

ಗೆರೆ ಎಳೆದಾದ ಮೇಲೆ, ನಾಲ್ಕು ನಲವತ್ತಕ್ಕೆ, ಮ್ಯಾನೇಜರು ಒಂದು ಟಪಾಲು ಹಿಡಿದು ಬಂದರು. ಮುಖ್ಯಾಧಿಕಾರಿ ಸಾಹೇಬರ ಸಹಿ ಆಗಿತ್ತು.

“ಇದೊಂದು ಹಾಕ್ಬಿಡಪ್ಪ, ಇವತ್ತೇ.”

“ವಹಿ ಮುಗ್ಸಿದೀನಿ ಸಾರ್. ನಾಳೆ ಮೊದಲನೇದು ಇದೇ.”

“ಏನಿದೆ ಅಂತ ತೆಗೆದಾದ್ರೂ ನೋಡು ಮಾರಾಯ. ನಿಂಗೇ ಖುಷಿಯಾಗತ್ತೆ.”

ನೋಡಲಿಲ್ಲ. ಯಾರ ಕಾಗದ ಎಂದು ನೋಡಿದರೆ ಮುಲಾಜು ಹುಟ್ಟುತ್ತದೆ. ಅವರು ನಕ್ಕು ಹೋದರು. ನಾನು ಟಪಾಲನ್ನು ತಟ್ಟೆಯಲ್ಲಿ ಬೋರಲು ಹಾಕಿ, ಮೇಲೆ ಗಾಜಿನ ಗುಂಡು ಇಟ್ಟು, ಐದೂವರೆಯವರೆಗೆ ಕುಳಿತು ಪೆನ್ಸಿಲ್‌ಗಳನ್ನು ಚೂಪು ಮಾಡಿದೆ.

ದಿನ ಮುಕ್ತಾಯ. ಎಂಟು ಗಂಟೆ.

ಗುರುವಾರ, ಮಾರ್ಚ್ 7

ಆ ಕಾಗದ ಅಕ್ಕನದು!

ನಮ್ಮ ಪುರಸಭೆಯ ವಾಚನಾಲಯದಲ್ಲಿ ಅಕ್ಕ ಹತ್ತೊಂಬತ್ತು ವರ್ಷ ತಾತ್ಕಾಲಿಕವಾಗಿ ದುಡಿದಿದ್ದಾಳೆ. ಆರು ತಿಂಗಳಿಗೊಮ್ಮೆ ಮುಂದುವರಿಸುವ ಆದೇಶ, ನಡುವೆ ಒಂದು ದಿನ ಕೆಲಸವಿಲ್ಲ, ಮತ್ತೆ ಹೊಸ ಆದೇಶ. ಆ ಒಂದು ದಿನವೂ ಅವಳು ಹೋಗಿ ಬಾಗಿಲು ತೆಗೆಯುತ್ತಿದ್ದಳು, ಬೇರೆ ಯಾರೂ ತೆಗೆಯುವವರಿಲ್ಲ ಎಂದು. ಈಗ ಖಾಯಂ! ಸಂಖ್ಯೆ 413, ತಾರೀಖು ಏಳು. ಬೆರಳಚ್ಚಿನ ಆದೇಶದ ಮೇಲೆ ಎರಡನ್ನೂ ನನ್ನ ಕೈಯಾರೆ ಗುಂಡಾಗಿ ಬರೆದೆ. ಕೈಯಾರೆ ತಲುಪಿಸುವ ಕಾಗದಕ್ಕೆ ಸಹಿ ಪಡೆಯುವ ಮುದ್ದಾಂ ಪುಸ್ತಕ ಹಿಡಿದು ನಾನೇ ಹೋದೆ. ಜವಾನ ಹಲ್ಲು ಕಿರಿದ.

ಅಕ್ಕ ಹರಿದ ಪತ್ರಿಕೆಗೆ ಅಂಟು ಹಚ್ಚುತ್ತಿದ್ದಳು. ಕಾಗದವನ್ನು ಮೂಗಿಗೆ ತಾಗಿಸಿ ಹಿಡಿದಳು. ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಯಿತು.

“ಓದಿ ಹೇಳೋ, ನಂಗೆ ಬರೀ ಗೆರೆ ಕಾಣ್ತಿದೆ.”

ಓದಿದೆ. ಇನ್ನೊಂದು ಸಲ ಓದು ಎಂದಳು. ಓದಿದೆ. ಪತ್ರಿಕೆ ಓದುತ್ತಿದ್ದ ಇಬ್ಬರು ಮುದುಕರು ಚಪ್ಪಾಳೆ ತಟ್ಟಿದರು. ವಾಚನಾಲಯದಲ್ಲಿ ಸದ್ದು ಮಾಡಿದವರನ್ನು ಅಕ್ಕ ಗದರಿಸದಿದ್ದದ್ದು ಇದೇ ಮೊದಲು.

ಸಂಜೆ ದಾರಿಯಲ್ಲೇ ಕಣ್ಣಿನ ಆಸ್ಪತ್ರೆಗೆ ಹೋಗಿ ಆಪರೇಶನ್‌ಗೆ ದಿನ ಬರೆಸಿ ಬಂದಳು. ಇಪ್ಪತ್ತೆರಡನೇ ತಾರೀಖು. ತಾತ್ಕಾಲಿಕದವರು ಹದಿನೈದು ದಿನ ಬರದಿದ್ದರೆ ಹೆಸರು ಹೊಡೆದುಹಾಕುತ್ತಾರೆ, ಅದಕ್ಕೇ ಇಷ್ಟು ದಿನ ಮುಂದೂಡಿದ್ದಳು. “ಇನ್ನು ರಜಾ ಹಾಕಿ ಮಲಗ್ತೀನಿ ನೋಡು, ರಾಣಿ ಥರ,” ಎಂದಳು.

ದಿನ ಮುಕ್ತಾಯ. ಎಂಟೂಕಾಲು. ಸಂತೋಷದ ದಿನ ಎಂದು ಬರೆಯಲು ಅಡ್ಡಿಯಿಲ್ಲ.

ಶುಕ್ರವಾರ, ಮಾರ್ಚ್ 8

ಬೆಳಗ್ಗೆ ಹತ್ತಕ್ಕೆ ಹೋದಾಗ ಕಚೇರಿಯ ನಾಮಫಲಕಕ್ಕೆ ಒಬ್ಬ ಏಣಿ ಹಾಕಿ ನೀಲಿ ತಾಡಪಾಲು ಕಟ್ಟುತ್ತಿದ್ದ. ಸುಣ್ಣ ಬಳಿಯುತ್ತಾರೇನೋ ಎಂದುಕೊಂಡೆ. ಒಳಗೆ ಅಧ್ಯಕ್ಷರ ಕೋಣೆಗೆ ಬೀಗ, ಬೀಗದ ಮೇಲೆ ಅರಗಿನ ಮುದ್ರೆ. ಅಧ್ಯಕ್ಷರು ಹೊರಗೆ ಸಾರ್ವಜನಿಕರ ಬೆಂಚಿನ ಮೇಲೆ ಕೂತಿದ್ದರು. ಅವರ ಕನ್ನಡಕ ಒಳಗೆ ಉಳಿದಿತ್ತಂತೆ.

ನಮ್ಮ ಊರು ಈಗ ಇಲ್ಲ. ಪಕ್ಕದ ಮಹಾನಗರಕ್ಕೆ ಸೇರಿಹೋಗಿದೆ. ಹೊಲ, ಹೆದ್ದಾರಿ, ಇಟ್ಟಿಗೆ ಭಟ್ಟಿಗಳನ್ನು ದಾಟಿ ಮುಕ್ಕಾಲು ಗಂಟೆ ಬಸ್ಸಿನಲ್ಲಿ ಕೂತರೆ ಸಿಗುವ ಆ ನಗರದ ಮೂಲೆಯಲ್ಲಿ ನಾವಿದ್ದೇವೆ. ನಮ್ಮ ಇಪ್ಪತ್ತಮೂರು ವಾರ್ಡುಗಳು ಇನ್ನು ಮುಂದೆ ಎರಡು: ನೂರನಲವತ್ತೇಳು, ನೂರನಲವತ್ತೆಂಟು. ನಮ್ಮ ಮನೆ ಯಾವುದರಲ್ಲಿ ಎಂದು ಯಾರಿಗೂ ಗೊತ್ತಿಲ್ಲ.

ಎಲ್ಲರೂ ರಾತ್ರೋರಾತ್ರಿ ಮಾಡಿದರು ಎಂದು ಕೂಗಾಡಿದರು. ನಾನು ಸ್ವೀಕೃತಿ ವಹಿ ತೆಗೆದು ನೋಡಿದೆ. ಕರಡು ಅಧಿಸೂಚನೆ ಕಳೆದ ಆಗಸ್ಟಿನಲ್ಲೇ ಬಂದಿದೆ. ನಾನೇ ಮೊಹರು ಒತ್ತಿ ಸಂಖ್ಯೆ ಕೊಟ್ಟಿದ್ದೇನೆ. ಮೂವತ್ತು ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು ಎಂದಿದ್ದ ಅದನ್ನು ನಾನೇ ಸೂಚನಾ ಫಲಕಕ್ಕೆ ಚುಚ್ಚಿದ್ದೆ. ಅದರ ಮೇಲೆ ನಳದ ನೀರಿನ ವೇಳಾಪಟ್ಟಿ ಬಂತು, ಅದರ ಮೇಲೆ ನಾಯಿಗಳ ಚುಚ್ಚುಮದ್ದಿನ ಪ್ರಕಟಣೆ. ಆಕ್ಷೇಪಣೆ ಎಂದು ಒಂದು ಚೀಟಿಯೂ ಬರಲಿಲ್ಲ. ಅಧ್ಯಕ್ಷರು ಸಭೆಯಲ್ಲಿ “ಇಂಥ ಕರಡು ನಾನು ಎಷ್ಟು ನೋಡಿಲ್ಲ” ಎಂದು ಬದಿಗಿಟ್ಟಿದ್ದರು. ಅಂತಿಮ ಅಧಿಸೂಚನೆ ರಾಜ್ಯಪತ್ರದಲ್ಲಿ ಅಚ್ಚಾಗಿ, ಇಂದು ಬೆಳಗ್ಗೆ ನಗರದ ಜೀಪಿನಲ್ಲಿ ನಮ್ಮ ಕೈಗೆ ಬಂದಿದೆ.

ಸಾಹೇಬರು ಅದನ್ನು ನಿಂತುಕೊಂಡೇ ಓದಿದರು. ಮೊದಲು ಗಡಿಯ ಅನುಸೂಚಿ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ರೈಲು ಹಳಿ, ಆಮೇಲೆ ಎರಡು ಪುಟ ಬರೀ ಸರ್ವೆ ನಂಬರು. ಪುರಸಭೆ ವಿಸರ್ಜನೆಯಾಗಿದೆ, ಸದಸ್ಯರು ಸದಸ್ಯರಲ್ಲ, ಆಡಳಿತಾಧಿಕಾರಿ ಬರುತ್ತಾರೆ. ಆಸ್ತಿ, ಬಾಕಿ, ದಾವೆ ಎಲ್ಲ ನಗರಕ್ಕೆ. ಪುರಸಭೆ ಈಗಾಗಲೇ ಹೊರಡಿಸಿದ ಲೈಸೆನ್ಸು, ಆದೇಶಗಳು ನಗರ ಬದಲಿಸುವವರೆಗೆ ಊರ್ಜಿತ. ಜಾರಿಯ ದಿನದ ಹಿಂದಿನ ದಿನದಂದು ಖಾಯಂ ಹುದ್ದೆಯಲ್ಲಿದ್ದ ನೌಕರರು ನಗರದ ಸೇವೆಗೆ ವಿಲೀನ. ತಾತ್ಕಾಲಿಕದವರ ಸೇವೆ ಮುಕ್ತಾಯ.

“ಜಾರಿಯ ದಿನ ಯಾವ್ದು ಸಾರ್?” ಎಂದು ಜವಾನ ಕೇಳಿದ.

ಪ್ರಕಟವಾದ ದಿನಾಂಕದಿಂದ. ಪ್ರಕಟವಾದದ್ದು ಏಳನೇ ತಾರೀಖು, ಗುರುವಾರ.

ಅಂದರೆ ನಿನ್ನೆ ಇಡೀ ದಿನ ನಾವು ಇಲ್ಲದ ಊರಿನ ಇಲ್ಲದ ಕಚೇರಿಯಲ್ಲಿ ಕೂತು ಮೊಹರು ಒತ್ತಿದ್ದೇವೆ. ನಿನ್ನೆ ನಾನು ಕಳಿಸಿದ ಹದಿನಾರು ಕಾಗದಗಳು ಯಾರೂ ಕಳಿಸದ ಕಾಗದಗಳು. ಅವುಗಳಲ್ಲಿ ಮೊದಲನೆಯದು 413.

ಮ್ಯಾನೇಜರು ನನ್ನನ್ನೇ ನೋಡುತ್ತಿದ್ದರು. ಅವರೂ ಲೆಕ್ಕ ಹಾಕಿದ್ದರು.

ದಿನ ಮುಕ್ತಾಯ.

ಸೋಮವಾರ, ಮಾರ್ಚ್ 11

ಎರಡು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಅಕ್ಕ ಆದೇಶಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದಾಳೆ. ಊಟಕ್ಕೆ ಕೂತರೆ ನೇರ ಎದುರಿಗೆ ಬರುತ್ತದೆ. ನಾನು ಜಾಗ ಬದಲಿಸಿ ಕೂತೆ.

ಅವಳಿಗೆ ವಿಲೀನದ ಸುದ್ದಿ ಗೊತ್ತು. ಆದರೆ ತಾನು ಖಾಯಂ, ತನಗೇನು ಎಂದುಕೊಂಡಿದ್ದಾಳೆ. “ಸಿಟಿ ವಾಚನಾಲಯ ಅಂದ್ರೆ ಫ್ಯಾನ್ ಇರತ್ತೇನೋ,” ಎಂದಳು.

ಕಚೇರಿಯಲ್ಲಿ ಹಸ್ತಾಂತರದ ಕೆಲಸ. ಇನ್ನು ಯಾವ ಪತ್ರಕ್ಕೂ ನಾವು ಸಂಖ್ಯೆ ಕೊಡುವಂತಿಲ್ಲ. ಕಡತಗಳ ಪಟ್ಟಿ ಮೂರು ಪ್ರತಿಯಲ್ಲಿ: ಮುಗಿದವು, ಬಾಕಿ, ನ್ಯಾಯಾಲಯದಲ್ಲಿರುವವು. ರಬ್ಬರ್ ಮೊಹರುಗಳು ಹದಿನಾಲ್ಕು. ಒಂದೊಂದನ್ನೂ ಹಾಳೆಯ ಮೇಲೆ ಕೊನೆಯ ಸಲ ಒತ್ತಿ, ಪಕ್ಕದಲ್ಲಿ ಸಹಿ ಮಾಡಿ, ಬ್ಲೇಡಿನಿಂದ ಅಡ್ಡ ಗೀರಿ ಚೀಲಕ್ಕೆ ಹಾಕಿದೆವು. ಗೀರಲು ಜವಾನನಿಗೆ ಮನಸ್ಸು ಬರಲಿಲ್ಲ. ನಾನೇ ಗೀರಿದೆ.

ಮಧ್ಯಾಹ್ನ ಗಂಡ ಹೆಂಡತಿ ಇಬ್ಬರು ಕೂಸು ಎತ್ತಿಕೊಂಡು ಬಂದರು. ಗುರುವಾರ ನಾವು ಕೊಟ್ಟ ಜನನ ಪತ್ರ ನಡೆಯುವುದಿಲ್ಲ ಎಂದು ಯಾರೋ ಹೆದರಿಸಿದ್ದರು. ನೋಂದಣಿ ಉಳಿಯುತ್ತದೆ, ಪತ್ರವನ್ನು ಮಾತ್ರ ನಗರದ ವಲಯ ಕಚೇರಿಯಲ್ಲಿ ಹೊಸದಾಗಿ ಪಡೆಯಬೇಕು ಎಂದು ತಿಳಿಸಿದೆ. ಕೂಸಿಗೆ ಬಹಳ ಸುಲಭ. ಅದು ಹುಟ್ಟಿದ್ದನ್ನು ಯಾರೂ ಅಲ್ಲಗಳೆಯುವುದಿಲ್ಲ.

ಎಲ್ಲರೂ ಹೋದ ಮೇಲೆ ಮ್ಯಾನೇಜರು ನನ್ನ ಮೇಜಿಗೆ ಬಂದು ಕೂತರು.

“ಸಹಿ ಬುಧವಾರಾನೇ ಆಗಿತ್ತಲ್ಲ ಸಾರ್,” ಎಂದೆ.

“ನಂಗೆ ಹೇಳ್ಕೊಡ್ತೀಯಾ? ಸಹಿ ಆಗಿದ್ದು ಆದೇಶ ಅಲ್ಲಪ್ಪ, ಹೊರಗೆ ಹೋಗಿದ್ದು ಆದೇಶ. ಸಂಖ್ಯೆ ಬಿದ್ದು ಕಚೇರಿಯಿಂದ ಆಚೆ ಹೋಗೋ ತನಕ ಸಾಹೇಬ್ರು ಹರಿದು ಹಾಕ್ಬೋದು. ಹನ್ನೊಂದು ವರ್ಷದಿಂದ ನೀನೇ ಎಲ್ಲರಿಗೂ ಇದನ್ನ ಹೇಳ್ಕೊಂಡು ಬಂದಿದ್ದು.”

ಹೌದು. ನಾನೇ.

“412ರ ಕೆಳಗೆ ಒಂದು 412/ಅ ಸೇರ್ಸು. ಶುಕ್ರವಾರ ಪರಿಶೀಲನೆಗೆ ಬರೋರು ಏನು ಭೂತಕನ್ನಡಿ ಹಿಡ್ಕೊಂಡು ಬರ್ತಾರಾ? ಬೇರೆ ಯಾವ ವಹಿಯಾದ್ರೂ ಈ ಹೊತ್ತಿಗೆ ನಾಲ್ಕು ಸೇರಿರ್ತಿತ್ತು.”

“ಆಗಲ್ಲ ಸಾರ್.”

“ಯಾಕಪ್ಪ ನೀನು ಇಷ್ಟು ಒಳ್ಳೆಯವನಾಗಿಬಿಟ್ಟೆ,” ಎಂದರು. ಬೈಗುಳವೂ ಇಷ್ಟು ನೋಯಿಸುತ್ತಿರಲಿಲ್ಲ.

ಮಂಗಳವಾರ, ಮಾರ್ಚ್ 12

ಅಕ್ಕನಿಗೆ ಹೇಳಿದೆ. ಹೇಳದೆ ಉಪಾಯವಿರಲಿಲ್ಲ. ವಾಚನಾಲಯದ ಪುಸ್ತಕಗಳನ್ನು ಎಣಿಸಲು ನಗರದವರು ಬಂದಿದ್ದರಂತೆ. ಅವರ ಸಿಬ್ಬಂದಿ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ‘ತಾತ್ಕಾಲಿಕ’ ಎಂದಿತ್ತಂತೆ. “ಹಳೇ ಪಟ್ಟಿ ಇರ್ಬೇಕು, ನಮ್ಮ ತಮ್ಮ ಅಲ್ಲೇ ಇದಾನೆ, ಸರಿ ಮಾಡಿಸ್ತಾನೆ ಅಂದೆ,” ಎಂದಳು.

ಎಲ್ಲ ಬಿಡಿಸಿ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ಅಂದರೆ ಕಾಣದ ಕಲ್ಲನ್ನು ಬೆರಳಲ್ಲಿ ತಡಕುತ್ತಿದ್ದಳು.

“ಬುಧವಾರ ಎಷ್ಟು ಗಂಟೆಗೆ ಬಂತು?”

“ನಾಲ್ಕು ನಲವತ್ತಕ್ಕೆ.”

“ನೀನು ಅಲ್ಲೇ ಇದ್ದೆ?”

“ಇದ್ದೆ.”

“ಏನ್ ಮಾಡ್ತಿದ್ದೆ?”

ಪೆನ್ಸಿಲ್ ಚೂಪು ಮಾಡುತ್ತಿದ್ದೆ ಎಂದು ಹೇಳಲು ಬಾಯಿ ಬರಲಿಲ್ಲ. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು.

ಅಮ್ಮ ತೀರಿಕೊಂಡಾಗ ನನಗೆ ಏಳು, ಅವಳಿಗೆ ಹದಿಮೂರು. ನನಗೆ ಅಕ್ಷರ ತಿದ್ದಿಸಿದ್ದು ಅವಳು. ದಿನದ ಪಾಠ ಬರೆದಾದ ಮೇಲೆ ಕೆಳಗೆ ಅಡ್ಡಪಟ್ಟಿ ಇಟ್ಟು ಎರಡು ಗೆರೆ ಎಳೆಯಬೇಕು, ಆಗ ಆ ದಿನ ಮುಗಿಯಿತು, ಆಡಲು ಹೋಗಬಹುದು ಎಂದು ಹೇಳಿಕೊಟ್ಟದ್ದೂ ಅವಳೇ. ಇದನ್ನು ಇಲ್ಲಿ ಯಾಕೆ ಬರೆದೆನೋ ಗೊತ್ತಿಲ್ಲ.

ಬುಧವಾರ, ಮಾರ್ಚ್ 13

ಮಾತಿಲ್ಲ. ತಟ್ಟೆ ಇಟ್ಟಳು, ಉಂಡೆ.

ಗುರುವಾರ, ಮಾರ್ಚ್ 14

ಬರೆದೆ.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ವಹಿಯನ್ನು ದಾಖಲೆ ಕೋಣೆಗೆ ಒಯ್ದು ಬಾಗಿಲು ಮುಂದೆ ಮಾಡಿದೆ. 412ರ ಸಾಲಿಗೂ ಕೆಂಪು ಗೆರೆಗೂ ನಡುವೆ ಅಕ್ಕಿಕಾಳಿನಷ್ಟು ಜಾಗ. ಅದೇ ಶಾಯಿ, ಅದೇ ಪೆನ್ನು. 412/ಅ. ವಾಚನಾಲಯದ ಸಹಾಯಕಿಯ ಖಾಯಂ ನೇಮಕ. ಮುದ್ದಾಂ. ಅಕ್ಷರ ಗೆರೆಗೆ ತಾಗಿ ಕೂತಿತು. ಗುರುವಾರದ 413ರ ಮುಂದೆ ‘ರದ್ದು’ ಎಂದು ಬರೆದೆ. ಆ ಅಕ್ಷರವೂ ಎಂದಿನಂತೆ ಗುಂಡಾಗಿಯೇ ಬಂತು. ಅದು ಇನ್ನೂ ಬೇಸರ.

ಆದರೆ ಅಕ್ಕನ ಹತ್ತಿರವಿರುವ ಪ್ರತಿಯ ಮೇಲೆ 413 ಇದೆ, ಏಳನೇ ತಾರೀಖು ಇದೆ. ಅದನ್ನೂ ತಿದ್ದಬೇಕು. ಮನೆಗೆ ಬಂದವನೇ ಗೋಡೆಯಿಂದ ಕಟ್ಟು ಇಳಿಸಲು ಹೋದೆ.

“ಏನದು?”

“ಕೊಡಕ್ಕಾ, ಸಂಖ್ಯೆ ಒಂಚೂರು ತಿದ್ಬೇಕು. ವಹೀಲಿ ಬುಧವಾರಕ್ಕೆ ಸೇರಿಸಿದೀನಿ. ನಾಳೆ ಪರಿಶೀಲನೆ. ಎರಡೂ ಒಂದೇ ಆದ್ರೆ ನಿನ್ನ ಹೆಸರು ಪಟ್ಟೀಲಿ ಬರತ್ತೆ.”

ಅವಳು ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಳು.

“ಅವತ್ತು ಮಾಡಿದ್ರೆ ಅದು ಕೆಲಸ ಆಗಿರ್ತಿತ್ತು. ಇವತ್ತು ಮಾಡಿದ್ರೆ ಕಳ್ಳತನ. ಹತ್ತೇ ನಿಮಿಷ ಕಣೋ. ಕೆಲಸ ಮಾಡೋಕಾಗ್ದೆ ಇದ್ದೋನು ಕಳ್ಳತನ ಮಾಡ್ತೀಯಾ?”

“ನಿಂಗೋಸ್ಕರ ಅಕ್ಕಾ.”

“ನಂಗೋಸ್ಕರ ಅಂತ ನೀನು ಪೆನ್ನು ಎತ್ಬೇಕಾಗಿದ್ದು ಬುಧವಾರ. ಆ ಕಾಗದದಲ್ಲಿರೋದು ನನ್ನ ಹತ್ತೊಂಬತ್ತು ವರ್ಷ. ಅದನ್ನ ಕೆರೆಯೋಕೆ ಕೊಡಲ್ಲ.”

ಬ್ಲೇಡು ನನ್ನ ಜೇಬಿನಲ್ಲಿತ್ತು. ಮೊಹರು ಗೀರಿದ್ದೇ ಬ್ಲೇಡು.

ಶುಕ್ರವಾರ, ಮಾರ್ಚ್ 15

ನಗರದಿಂದ ದಾಖಲೆ ಪರಿಶೀಲನೆಗೆ ಒಬ್ಬ ಅಧಿಕಾರಿ ಬಂದರು. ನನಗಿಂತ ಕಿರಿಯ ಹೆಂಗಸು, ನೆಗಡಿಯಾಗಿತ್ತು. ತೆರಿಗೆ ವಿಭಾಗದ ವಹಿಯಲ್ಲಿ ಕಾಟು, ಗೀಚು, ಅಂಟಿಸಿದ ಚೀಟಿ ಎಲ್ಲ ನೋಡಿ ನಿಟ್ಟುಸಿರು ಬಿಟ್ಟು ಸಹಿ ಹಾಕಿದರು. ನನ್ನ ವಹಿ ತೆರೆದಾಗ ಮಾತ್ರ ಪುಟ ತಿರುಗಿಸುತ್ತ ತಿರುಗಿಸುತ್ತ ಮುಖ ಅರಳಿತು.

“ಎಷ್ಟು ಚಂದ ಇಟ್ಟಿದೀರಿ! ಪ್ರತಿದಿನ ಮುಗಿಸಿ ಸಹಿ ಬೇರೆ. ನಮ್ಮಲ್ಲಿ ಒಬ್ರೂ ಹೀಗೆ ಮಾಡಲ್ಲ.”

ಆರನೇ ತಾರೀಖಿನ ಪುಟಕ್ಕೆ ಬಂದು ಬೆರಳು ನಿಂತಿತು. ಹನ್ನೊಂದು ವರ್ಷದ ಪುಟಗಳಲ್ಲಿ ಗೆರೆಗೆ ತಾಗಿದ ಅಕ್ಷರ ಅದೊಂದೇ. ಕುರುಡನಿಗೂ ಕಾಣುತ್ತಿತ್ತು.

“ಇದು ಯಾವತ್ತು ಬರೆದಿದ್ದು?”

ಮ್ಯಾನೇಜರು ಹಿಂದಿನಿಂದ ಕೆಮ್ಮಿದರು. “ಅವತ್ತೇ ಮೇಡಂ, ಕೊನೇ ಗಳಿಗೇಲಿ...”

“ನಿನ್ನೆ,” ಎಂದೆ.

ಯಾರದು, ಯಾಕೆ ಎಂದು ಕೇಳಿದರು. ನಾಲ್ಕು ನಲವತ್ತರಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಪೆನ್ಸಿಲ್ ವಿಷಯವನ್ನೂ ಹೇಳಿದೆ. ಅಕ್ಕನಿಗೆ ಹೇಳಲಾಗದ್ದನ್ನು ನೆಗಡಿಯಾದ ಅಪರಿಚಿತೆಗೆ ಹೇಳಿದೆ.

ಅವರು ಕರವಸ್ತ್ರ ಮಡಚಿಟ್ಟರು. “ಬೇರೆಯವರ ವಹಿ ಆಗಿದ್ರೆ ಇದು ನನ್ನ ಕಣ್ಣಿಗೇ ಬೀಳ್ತಿರಲಿಲ್ಲ,” ಎಂದರು. ಆಮೇಲೆ ನನ್ನದೇ ಅಡ್ಡಪಟ್ಟಿ ಕೇಳಿ ತೆಗೆದುಕೊಂಡು, 412/ಅ ಮೇಲೆ ಕೆಂಪಿನಲ್ಲಿ ಒಂದು ಗೆರೆ ಎಳೆದು, ‘ಮಾನ್ಯವಲ್ಲ’ ಎಂದು ಬರೆದು ಸಹಿ ಹಾಕಿದರು. ಗೆರೆ ಸೊಟ್ಟಗಿತ್ತು.

ಮಂಗಳವಾರ, ಮಾರ್ಚ್ 19

ನನಗೆ ಕಾರಣ ಕೇಳಿ ನೋಟಿಸು. ಏಳು ದಿನದೊಳಗೆ ಉತ್ತರಿಸಬೇಕು. ‘ತಪ್ಪು ನನ್ನದು’ ಎಂದು ಒಂದೇ ಸಾಲು ಬರೆದು ಕೊಟ್ಟೆ. ಎಚ್ಚರಿಕೆ ಕೊಟ್ಟು ಬಿಡಬಹುದು ಎನ್ನುತ್ತಾರೆ. ವಿಲೀನದ ಜ್ಯೇಷ್ಠತಾ ಪಟ್ಟಿಯಲ್ಲಿ ನಾನು 638ನೆಯವನು, ಕೊನೆಯಿಂದ ಮೂರನೆಯವನು.

ವಾಚನಾಲಯಕ್ಕೆ ಬೀಗ ಬಿತ್ತು. ಪುಸ್ತಕ ಪಟ್ಟಿಯ ಮೂರು ಪ್ರತಿಗೂ ಅಕ್ಕನಿಂದ ಸಹಿ ಹಾಕಿಸಿಕೊಂಡು ಬೀಗದ ಕೈ ತೆಗೆದುಕೊಂಡರಂತೆ. ಅವಳು ಅಂಟಿನ ಡಬ್ಬಿ ಮನೆಗೆ ತಂದಿದ್ದಾಳೆ. ಅದು ಅವಳದೇ, ಪಟ್ಟಿಯಲ್ಲಿರಲಿಲ್ಲ.

ಆಪರೇಶನ್ ಮುಂದೆ ಹಾಕೋಣವೇ ಎಂದು ಕೇಳಿದೆ.

“ಯಾಕೆ? ಇನ್ನು ರಜಾ ಯಾರನ್ನ ಕೇಳ್ಬೇಕು?” ಎಂದಳು.

ಗುರುವಾರ, ಮಾರ್ಚ್ 28

ಶುಕ್ರವಾರ ಒಂದು ಕಣ್ಣಿನ ಆಪರೇಶನ್ ಆಯಿತು. ಆಮೇಲೆ ದಿನಕ್ಕೆ ಆರು ಸಲ ಹನಿ ಹಾಕುವುದು ನನ್ನ ಕೆಲಸ. ಹನಿ ಹಾಕುವಾಗ ಅವಳು ಮುಖ ಮೇಲೆ ಮಾಡುತ್ತಾಳೆ, ನನ್ನನ್ನು ನೋಡುವುದಿಲ್ಲ. ಬೇಕು, ಬೇಡ, ಸಾಕು: ಇಷ್ಟೇ ಮಾತು.

ಸೋಮವಾರದಿಂದ ನಾನು ನಗರದ ವಲಯ ಕಚೇರಿಗೆ ಹೋಗುತ್ತಿದ್ದೇನೆ. ಅಲ್ಲಿ ಕಂಪ್ಯೂಟರು ತಾನೇ ಸಂಖ್ಯೆ ಕೊಡುತ್ತದೆ, ತಾನೇ ತಾರೀಖು, ಗಂಟೆ, ನಿಮಿಷ ಹಾಕುತ್ತದೆ. ಗೆರೆ ಎಳೆಯಲು ಜಾಗವಿಲ್ಲ. ನಿನ್ನೆ ಬಾಗಿಲು ಹಾಕುವ ಹೊತ್ತಿಗೆ ಒಬ್ಬ ಮುದುಕ ಓಡುತ್ತ ಬಂದ, ನೀರಿನ ಸಂಪರ್ಕದ ಕಾಗದ. ತೆಗೆದುಕೊಂಡೆ. ಅವನ ಹಿಂದೆ ಇನ್ನೂ ಮೂವರಿದ್ದರು. ಬಸ್ಸು ತಪ್ಪಿತು, ಇಂದೂ ತಪ್ಪಿತು.

ಭಾನುವಾರ, ಮಾರ್ಚ್ 31

ಬೆಳಗ್ಗೆ ಬಿಸಿಲು ಗೋಡೆಯ ಮೇಲೆ ಬಿದ್ದಿತ್ತು. ಕಪ್ಪು ಕನ್ನಡಕ ತೆಗೆಯಬಹುದು ಎಂದು ನಿನ್ನೆ ವೈದ್ಯರು ಹೇಳಿದ್ದರು. ಅಕ್ಕ ಎದ್ದು ಕಟ್ಟು ಹಾಕಿದ ಆದೇಶದ ಎದುರು ಹೋಗಿ ನಿಂತಳು. ತನ್ನ ಕಣ್ಣಿನಿಂದಲೇ ಅವಳು ಅದನ್ನು ಓದಿದ್ದು ಇದೇ ಮೊದಲು. ತುಟಿ ಅಲ್ಲಾಡುತ್ತಿತ್ತು. ಪಾತ್ರೆ ತೊಳೆಯುತ್ತಿದ್ದ ನಾನು ನಳ ನಿಲ್ಲಿಸಿದೆ. ಬೆರಳನ್ನು ಗಾಜಿನ ಮೇಲೆ, ಸಂಖ್ಯೆ ಇರುವಲ್ಲಿ ಇಟ್ಟಳು.

“ಇದು ನಿನ್ನ ಅಕ್ಷರಾನಾ?”

“ಹೂಂ.”

“ನಾನೂರ ಹದಿಮೂರು.” ಬೆರಳನ್ನು ಅಂಕಿಗಳ ಮೇಲೆ ಆಡಿಸಿದಳು. “ಗುಂಡಾಗಿ ಬರ್ದಿದೀಯ. ನಾನು ತಿದ್ದಿಸಿದ ಹಾಗೇ.”

ಅಷ್ಟೇ. ಮತ್ತೆ ಒಳಗೆ ಹೋದಳು. ನಾನು ಅಲ್ಲೇ ನಿಂತು ಅತ್ತೆ. ನಾಚಿಕೆಯಾಗಲಿಲ್ಲ.

ಈಗ ಸಂಜೆ. ಪಕ್ಕದ ಕೋಣೆಯಲ್ಲಿ ಅವಳು ಪತ್ರಿಕೆಯ ಪುಟ ತಿರುಗಿಸುವ ಸದ್ದು ಕೇಳುತ್ತಿದೆ. ಮಲಗುವ ಮುಂಚೆ ಇನ್ನೇನಾದರೂ ಹೇಳಬಹುದು. ಹೇಳದಿದ್ದರೆ ನಾಳೆ ಹೇಳಬಹುದು. ಕೆಳಗೆ ಎರಡು ಸಾಲು ಖಾಲಿ ಬಿಟ್ಟಿದ್ದೇನೆ.